ಕಾವ್ಯ ಅವರಿಗೆ ಸ್ವಾಗತ

ಎಲ್ಲರಿಗೂ ನಮಸ್ಕಾರ. ಐದು ನಿಮಿಷ ಕೆಲಸ ಬದಿಗಿಡಿ. ಮಹೇಶ್, ಆ ಫೋನನ್ನೂ ಸೈಲೆಂಟ್ ಮಾಡಿಬಿಡಿ.

ಇವರು ಕಾವ್ಯ. ಇವತ್ತಿನಿಂದ ನಮ್ಮ ಜೊತೆ ಕೆಲಸ ಮಾಡುತ್ತಾರೆ. ಇಲ್ಲಿಯವರೆಗೆ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದರು. ಅಂದರೆ, ಸಂಬಳದ ಲೆಕ್ಕ ಮಾಡುವ ನಮ್ಮಂಥವರಿಗೆ ಹಾಜರಾತಿ ಪಟ್ಟಿ ಕಳಿಸುವ ಕಡೆ ಇದ್ದವರು. ಆ ಪಟ್ಟಿ ಪ್ರತಿ ತಿಂಗಳೂ ಯಾಕೆ ತಡವಾಗಿ ಬರುತ್ತದೆ ಅನ್ನುವ ಗುಟ್ಟನ್ನು ಇನ್ನಾದರೂ ಯಾರಾದರೂ ನಮಗೆ ಹೇಳಬಹುದು!

ಕಾವ್ಯ ಅವರೇ, ನಾವು ಇರುವುದೇ ಆರು ಜನ, ನೀವು ಏಳನೆಯವರು. ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುವುದು ನಮ್ಮ ಕೆಲಸ. ನೋಡುವವರಿಗೆ ಸುಮ್ನೆ ಕೂಡಿಸಿ ಕಳೆಯುವ ಕೆಲಸ ಅನ್ನಿಸುತ್ತದೆ. ಆದರೆ ರಜೆಯ ಒಂದು ದಿನ ತಪ್ಪಾಗಿ ಬಿದ್ದರೆ ಯಾರದ್ದೋ ಸಂಬಳ ಕಡಿಮೆಯಾಗುತ್ತದೆ. ಅವರ ಮನೆ ಬಾಡಿಗೆಯೋ ಸಾಲದ ಕಂತೋ ಆ ಹಣದ ಮೇಲೇ ನಿಂತಿರುತ್ತದೆ, ಅಲ್ವಾ? ಅದಕ್ಕೇ ಇಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡದೆ ಯಾವ ಶೀಟೂ ಹೊರಗೆ ಹೋಗುವುದಿಲ್ಲ. ನಾನು ಮಾಡಿದ್ದೂ ಅಷ್ಟೇ. ನಿಮ್ಮ ಶೀಟಿನಲ್ಲಿ ಸುಮಾ ಕೆಂಪು ಗುರುತು ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. ನನ್ನದರಲ್ಲಿ ಇನ್ನೂ ಜಾಸ್ತಿ ಹಾಕುತ್ತಾರೆ.

ಇನ್ನೊಂದು ವಿಷಯ ಮಾತ್ರ ಕಟ್ಟುನಿಟ್ಟು. ಯಾರ ಸಂಬಳ ಎಷ್ಟು ಅನ್ನುವುದು ಈ ಬಾಗಿಲು ದಾಟಬಾರದು. ಮನೆಯಲ್ಲೂ ಬೇಡ, ತಮಾಷೆಗೂ ಬೇಡ.

ಮೊದಲ ತಿಂಗಳು ನಿಮಗೆ ಎರಡೇ ಕಂಪನಿಗಳ ಲೆಕ್ಕ ಕೊಡುತ್ತೇವೆ. ಎರಡೂ ಚಿಕ್ಕವು. ಸುಮಾ ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಗೊತ್ತಾಗದ್ದನ್ನು ಕೇಳಿ, ಕೇಳಿದ್ದನ್ನೇ ಮತ್ತೆ ಕೇಳಿದರೂ ಪರವಾಗಿಲ್ಲ. ಕೇಳದೆ ಅಂದಾಜಿನ ಮೇಲೆ ತುಂಬಿದ ಒಂದು ಕಾಲಂ ಸರಿಮಾಡಲು ನಮಗೆ ಅರ್ಧ ದಿನ ಹಿಡಿಯುತ್ತದೆ. ತಿಂಗಳ ಕೊನೆಯ ನಾಲ್ಕೈದು ದಿನ ಇಲ್ಲಿ ಯಾರ ಮುಖದಲ್ಲೂ ನಗು ಕಾಣಿಸುವುದಿಲ್ಲ. ಸಿಟ್ಟು ನಿಮ್ಮ ಮೇಲಲ್ಲ, ತಡವಾಗಿ ಬಂದ ಆ ಪಟ್ಟಿಗಳ ಮೇಲೆ. ನನ್ನನ್ನು ಸರ್ ಅನ್ನುವುದು ಬೇಡ, ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ.

ಉಳಿದವರಿಗೂ ಒಂದು ಮಾತು. ಹೊಸಬರು ಬಂದರು ಅಂತ ನಿಮ್ಮ ಹಳೆಯ ಬಾಕಿ ಕೆಲಸವನ್ನೆಲ್ಲ ಅವರ ಮೇಜಿಗೆ ದಾಟಿಸಬೇಡಿ. ಮಹೇಶ್, ನಿಮ್ಮನ್ನೇ ನೋಡಿ ಹೇಳುತ್ತಿದ್ದೇನೆ. ನಾವು ಮೂರು ತಿಂಗಳಿಂದ ಇನ್ನೊಬ್ಬರು ಬೇಕು ಅಂತ ಕೇಳಿ ಕೇಳಿ ಸಾಕಾಗಿತ್ತು. ಈಗ ಸಿಕ್ಕಿದ್ದಾರೆ, ಓಡಿಸಿಬಿಡಬೇಡಿ.

ಕಾವ್ಯ ಅವರೇ, ನೀವು ಬಂದದ್ದು ನಮಗೆಲ್ಲ ನಿಜಕ್ಕೂ ಖುಷಿ. ಕಿಟಕಿ ಪಕ್ಕದ ಮೇಜು ನಿಮ್ಮದು, ಕಂಪ್ಯೂಟರ್ ಲಾಗಿನ್ ಮಹೇಶ್ ಮಾಡಿಕೊಡುತ್ತಾರೆ. ಈಗ ನೀವೂ ಎರಡು ಮಾತಾಡಿ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳಲಿ.