‘ಮಂಡ್ಯ ಸವಿಬೆಲ್ಲ’ ಲೇಬಲ್ಲಿನ ಪರೀಕ್ಷಾ ವರದಿ: ಜುಲೈ 9ರೊಳಗೆ ಉತ್ತರ ಹೋಗಬೇಕು

ಮೈಸೂರು, 17 ಜೂನ್ 2025

ನಾಗರತ್ನಮ್ಮನವರಿಗೆ ನಮಸ್ಕಾರ.

ವೆಬ್‌ಸೈಟ್‌ನಲ್ಲಿ Objected ಅಂತ ಕಂಡು ಗಾಬರಿಯಾಗಿ ಫೋನ್ ಮಾಡಿದ್ದಿರಿ. ನಿಮ್ಮ ಲೇಬಲ್ಲಿನ ಟ್ರೇಡ್‌ಮಾರ್ಕ್ ಅರ್ಜಿ ತಿರಸ್ಕಾರವಾಗಿಲ್ಲ. ನಿಮ್ಮ ಮೇಲೆ ಯಾರೂ ತಕರಾರು ಹಾಕಿಲ್ಲ. ಹೊರಗಿನವರು ಹಾಕಿದ್ದರೆ ಅಲ್ಲಿ Opposed ಎಂದಿರುತ್ತಿತ್ತು. ಚೆನ್ನೈ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಕರು ಎರಡು ಆಕ್ಷೇಪಣೆ ಎತ್ತಿದ್ದಾರೆ, ಅವಕ್ಕೆ ನಾವು ಬರವಣಿಗೆಯಲ್ಲಿ ಉತ್ತರ ಕೊಡಬೇಕು.

ಮೊದಲು ಗಡುವಿನ ಮಾತು. 2017ರ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ ವರದಿ ಕೈಸೇರಿದ ದಿನದಿಂದ ಒಂದು ತಿಂಗಳಲ್ಲಿ ಉತ್ತರ ಹೋಗಬೇಕು. ಇಮೇಲ್‌ನಲ್ಲಿ ಕಳಿಸಿದರೆ ಕಳಿಸಿದ ಹೊತ್ತಿಗೇ ತಲುಪಿದಂತೆ ಲೆಕ್ಕ, ನಾವು ತೆರೆದು ಓದಿದ ದಿನದಿಂದ ಅಲ್ಲ. ನಮಗೆ ಬಂದದ್ದು ಜೂನ್ 9ಕ್ಕೆ. ಆದ್ದರಿಂದ ಕೊನೆಯ ದಿನ ಜುಲೈ 9, ಬುಧವಾರ. ಅಂದು ದಾಟಿದರೆ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಬಹುದು; ಆಗ ನೀವು ಕಟ್ಟಿದ 4,500 ರೂಪಾಯಿಯ ಜೊತೆಗೆ ಅರ್ಜಿಯ ತಾರೀಖಿನ ಹಿರಿತನವೂ ಹೋಗುತ್ತದೆ. ಸಮಯ ವಿಸ್ತರಣೆ ಕೇಳಲು TM-M ಅರ್ಜಿ ಇದೆ, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಅದನ್ನು ನಂಬಿ ಕೂರುವುದು ಬೇಡ. ಜುಲೈ 4ಕ್ಕೇ ಸಲ್ಲಿಸಿಬಿಡೋಣ. ಉತ್ತರಕ್ಕೆ ಸರ್ಕಾರಿ ಶುಲ್ಕವಿಲ್ಲ.

ನೀವು ಹೆದರಿರುವುದು ಎರಡನೆಯ ಆಕ್ಷೇಪಣೆಗೆ. ನಿಜಕ್ಕೂ ಕಷ್ಟವಿರುವುದು ಮೊದಲನೆಯದರಲ್ಲಿ, ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9(1)(ಬಿ). ಹೆಸರು ಸರಕಿನ ಗುಣವನ್ನೋ ಊರನ್ನೋ ಮಾತ್ರ ಹೇಳುತ್ತಿದ್ದರೆ ಅದನ್ನು ಒಬ್ಬರಿಗೇ ಬರೆದುಕೊಡುವುದಿಲ್ಲ. ‘ಮಂಡ್ಯ’ ಊರು, ‘ಸವಿ’ ರುಚಿ, ‘ಬೆಲ್ಲ’ ಸರಕು. ಪಕ್ಕದ ಆಲೆಮನೆಯವರೂ ಈ ಮೂರು ಮಾತು ಹೇಳಿಯೇ ಮಾರಬೇಕಲ್ಲವೇ ಎಂಬುದು ಪರೀಕ್ಷಕರ ವಾದ. ಅದರಲ್ಲಿ ಹುರುಳಿದೆ. ಇದಕ್ಕೆ ಕಾನೂನೇ ಒಂದು ದಾರಿ ಬಿಟ್ಟಿದೆ: ಅರ್ಜಿ ಹಾಕುವ ಮುಂಚೆಯೇ, ಬಳಸಿ ಬಳಸಿ, ಆ ಹೆಸರು ಕೇಳಿದರೆ ಗಿರಾಕಿಗೆ ನಿಮ್ಮ ಬೆಲ್ಲವೇ ನೆನಪಾಗುವಂತಾಗಿದೆ ಎಂದು ತೋರಿಸಬೇಕು. ತೋರಿಸುವುದು ದಾಖಲೆಯಿಂದ.

ಇಲ್ಲೇ ನಮಗೆ ತೊಡಕು. ನೀವು ಕಳಿಸಿದ 2019ರ ಬಿಲ್ಲುಗಳಲ್ಲಿ ‘ಅಚ್ಚು ಬೆಲ್ಲ, 50 ಕೆ.ಜಿ.’ ಎಂದಷ್ಟೇ ಇದೆ. ಬೆಲ್ಲ ಮಾರಿದ್ದಕ್ಕೆ ಅದು ಸಾಕ್ಷಿ, ಹೆಸರು ಬಳಸಿದ್ದಕ್ಕೆ ಅಲ್ಲ. ಅರ್ಜಿಯಲ್ಲಿ 2018ರಿಂದ ಬಳಕೆ ಎಂದು ಬರೆದಿದ್ದೇವೆ. 2018ರಿಂದ 2024ರವರೆಗೆ ಪ್ರತಿ ವರ್ಷಕ್ಕೂ ಹೆಸರು ಕಾಣುವ ಮೂರೋ ನಾಲ್ಕೋ ಕಾಗದ ಬೇಕು. ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿನ ಬಿಲ್ಲು ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ತಾರೀಖು, ಹೆಸರು, ಸಂಖ್ಯೆ ಮೂರೂ ಇರುತ್ತವೆ. ಜಾತ್ರೆ, ಮೇಳದ ಮಳಿಗೆ ರಸೀದಿ, ಪತ್ರಿಕೆಯ ಜಾಹೀರಾತು, ಅಂಗಡಿಯವರ ಆರ್ಡರ್ ಸಂದೇಶ, ವರ್ಷವಾರು ವಹಿವಾಟಿನ ಬಗ್ಗೆ ಆಡಿಟರ್ ಪತ್ರ, ಎಲ್ಲವೂ ಆಗುತ್ತದೆ. ಕಾಗದದ ನಾಲ್ಕೂ ಅಂಚು ಕಾಣುವಂತೆ ಸ್ಕ್ಯಾನ್ ಮಾಡಿ. ಫೋಟೋದಲ್ಲಿ ತಾರೀಖು ತುಂಡಾದರೆ ಆ ಕಾಗದ ಇದ್ದೂ ಇಲ್ಲದಂತೆ. ಹಳೆಯ ಬಿಲ್ಲಿನ ಮೇಲೆ ಈಗ ಹೆಸರು ಬರೆಯಲು, ಸೀಲು ಒತ್ತಲು ದಯವಿಟ್ಟು ಹೋಗಬೇಡಿ. ಇವನ್ನೆಲ್ಲ ಪ್ರಮಾಣಪತ್ರಕ್ಕೆ ಲಗತ್ತಿಸಿ ನೀವು ನೋಟರಿ ಮುಂದೆ ಸಹಿ ಮಾಡುತ್ತೀರಿ. ಅದರಲ್ಲಿ ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಎರಡನೆಯದು ಕಲಂ 11(1). ಬೆಲ್ಲ, ಮಸಾಲೆಯಂಥ ಸರಕು ಬರುವ 30ನೇ ವರ್ಗದಲ್ಲಿ ‘ಸವಿ’ ಎಂದು ಆರಂಭವಾಗುವ ಎರಡು ಗುರುತುಗಳಿಗೆ ನಿಮ್ಮದು ಹತ್ತಿರ ಎಂದಿದ್ದಾರೆ. ಒಂದರ ಸ್ಥಿತಿ ನೋಡಿದೆವು, Abandoned ಎಂದಿದೆ, ಅಂದರೆ ಆ ಅರ್ಜಿ ಕೈಬಿಟ್ಟುಹೋಗಿದೆ. ಆ ಪುಟ ಲಗತ್ತಿಸಿದರೆ ಸಾಕು. ಇನ್ನೊಂದು ನೋಂದಣಿಯಾಗಿರುವ ಮಸಾಲೆ ಪುಡಿಯದು. ವರ್ಗ ಒಂದೇ ಆದರೂ ಸರಕು ಬೇರೆ, ಲೇಬಲ್ಲಿನ ಒಟ್ಟು ರೂಪವೂ ಬೇರೆ. ನಿಮ್ಮದರಲ್ಲಿ ಎತ್ತಿನ ಗಾಣದ ಚಿತ್ರವಿದೆ, ಅಂಚಿಗೆ ಕಬ್ಬಿನ ಜಲ್ಲೆ ಇದೆ. ‘ಸವಿ ಎಲ್ಲರೂ ಆಡುವ ಮಾತು’ ಎಂದು ಬರೆಯೋಣ ಅಂದಿರಿ. ಬೇಡ. ಹಾಗೆ ಬರೆದರೆ ಮೊದಲನೆಯ ಆಕ್ಷೇಪಣೆಯನ್ನು ನಾವೇ ಒಪ್ಪಿಕೊಂಡಂತಾಗುತ್ತದೆ.

ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಲೇಬಲ್ ನೋಂದಣಿಯಾದರೂ ‘ಮಂಡ್ಯ’, ‘ಬೆಲ್ಲ’ ಎಂಬ ಪದಗಳು ನಿಮ್ಮೊಬ್ಬರ ಸ್ವತ್ತಾಗುವುದಿಲ್ಲ; ರಕ್ಷಣೆ ಇಡೀ ಲೇಬಲ್ಲಿಗೆ. ಈ ಅರ್ಜಿಯಲ್ಲಿ ಹೆಸರು ಬದಲಿಸಲೂ ಬರುವುದಿಲ್ಲ. ಹೊಸದಾಗಿ ಕಟ್ಟಿದ ಹೆಸರು ಮನಸ್ಸಿನಲ್ಲಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕೋಣ, ಮತ್ತೆ 4,500 ರೂಪಾಯಿ. ನಮ್ಮ ಸಲಹೆ, ಹಾಕುವುದೇ ಒಳ್ಳೆಯದು.

ಉತ್ತರ ಒಪ್ಪಿಗೆಯಾಗದಿದ್ದರೆ ವಿಡಿಯೊ ಮೂಲಕ ವಿಚಾರಣೆ ಇಡುತ್ತಾರೆ, ನಾವು ಹಾಜರಾಗುತ್ತೇವೆ. ಒಪ್ಪಿದರೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ನೋಂದಣಿಯಾಗುವವರೆಗೆ ಡಬ್ಬಿಯ ಮೇಲೆ ™ ಹಾಕಿ. ® ಈಗಲೇ ಹಾಕುವುದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ. ಹೊಸ ಲೇಬಲ್ ಪ್ರೂಫ್‌ನಲ್ಲಿ ಅದು ಕಂಡಿತು, ಪ್ರೆಸ್ಸಿಗೆ ಇವತ್ತೇ ಹೇಳಿ ತೆಗೆಸಿ.

ಕಾಗದಗಳು ಜೂನ್ 27ರ ಶುಕ್ರವಾರದೊಳಗೆ ನಮಗೆ ಸೇರಲಿ. ಪ್ರಮಾಣಪತ್ರದ ಸಹಿಗೆ ಜುಲೈ 1ರಂದು ಮೈಸೂರಿಗೆ ಬನ್ನಿ, ಆಧಾರ್ ಮೂಲಪ್ರತಿ ಜೊತೆಗಿರಲಿ.

ಇಂತಿ,
ಟ್ರೇಡ್‌ಮಾರ್ಕ್ ಏಜೆಂಟರ ಕಚೇರಿ, ಸರಸ್ವತಿಪುರಂ