ದುಡಿಯುವ ನುಡಿ

ಕಲ್ಲಿನ ಮೇಲೆ ನಿಂತಿತು ನುಡಿಯು,
ಸೊಲ್ಲಿನ ಜೊತೆಗೆ ನಡೆಯಲಿ ನುಡಿಯು,
ಎಲ್ಲರ ಮನೆಯಲಿ, ಪೇಟೆ, ಕಚೇರಿಯಲಿ
ನಿಲ್ಲದೆ ದಿನವೂ ದುಡಿಯಲಿ ನುಡಿಯು.

ವೇದಿಕೆಯ ಹಿರಿಯರೇ, ಮೈದಾನ ತುಂಬಿದ ಬಂಧುಗಳೇ,
ಹಳದಿ ಕೆಂಪಿನ ಬಾವುಟ ಹಿಡಿದು ರಾಜ್ಯೋತ್ಸವದ ಮೆರವಣಿಗೆಯಲ್ಲಿ ನಡೆದು ಬಂದು
ಈಗ ಶಾಮಿಯಾನದ ನೆರಳಿಗೆ ಒತ್ತೊತ್ತಾಗಿ ಕುಳಿತಿರುವ ಮಕ್ಕಳೇ,
ಹೊಗಳಿಕೆಯ ಮಾತನ್ನು ಬೆಳಗಿನಿಂದ ಬೇಕಾದಷ್ಟು ಕೇಳಿದ್ದೀರಿ, ಇನ್ನೂ ಕೇಳಲಿದ್ದೀರಿ;
ನಾನು ಮೊದಲಿಗೆ ನಮ್ಮದೇ ತಾಲ್ಲೂಕಿನ ಒಂದು ಕಲ್ಲಿನ ಬಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ.

ಹಲ್ಮಿಡಿಯೆಂದರೆ ಬೇಲೂರಿನವರಾದ ನಮಗೆ ಪಾಠಪುಸ್ತಕದ ಹೆಸರು ಮಾತ್ರವಲ್ಲ,
ನೆಂಟರಿಷ್ಟರಿರುವ ಊರು, ಹಬ್ಬಕ್ಕೆ ಹೋಗಿ ಉಂಡು ಬರುವ ಊರು.
1936ರಲ್ಲಿ ಎಂ. ಎಚ್. ಕೃಷ್ಣ ಅವರು ಅಲ್ಲಿ ಕಂಡು ಲೋಕಕ್ಕೆ ತಿಳಿಸಿದ,
ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರು ಎಣಿಸಿದ,
ಮೂಲಶಿಲೆ ಮೈಸೂರು ಸೇರಿ ಪ್ರತಿಕೃತಿಯಷ್ಟೇ ಊರಿನಲ್ಲಿ ನಿಂತಿರುವ ಆ ಶಾಸನದ ಮುಂದೆ
ಚಿತ್ರ ತೆಗೆಸಿಕೊಂಡವರು ನಾವೆಲ್ಲರೂ ಇದ್ದೇವೆ;
ಅದು ಏನು ಹೇಳುತ್ತದೆಂದು ಕೇಳಿದವರು ನಮ್ಮೊಳಗೆ ಎಷ್ಟು ಮಂದಿ?

ಅದು ಕಾವ್ಯವಲ್ಲ, ರಾಜನ ಬಿರುದಾವಳಿಯೂ ಅಲ್ಲ.
ಸಂಸ್ಕೃತದಲ್ಲಿ ವಿಷ್ಣುವಿಗೆ ನಮಿಸಿ, ಆಮೇಲೆ ಕನ್ನಡಕ್ಕೆ ಹೊರಳಿ,
ಕದಂಬ ಕಾಕುಸ್ಥನ ಕಾಲದಲ್ಲಿ, ಕಾಳಗದಲ್ಲಿ ಕಾದಿದ ವಿಜ ಅರಸನೆಂಬ ವೀರನಿಗೆ
ಹಲ್ಮಿಡಿಯೂ ಸೇರಿ ಎರಡು ಊರುಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಬರೆದಿಟ್ಟು,
ಈ ದತ್ತಿಯನ್ನು ಕಸಿದವನಿಗೆ ಮಹಾಪಾತಕ ತಟ್ಟುವುದೆಂದು ಎಚ್ಚರಿಸುವ
ಅದು ಜಮೀನಿನ ಕಾಗದ, ಇಂದಿನ ಮಾತಿನಲ್ಲಿ ತಾಲ್ಲೂಕು ಕಚೇರಿಯ ದಾಖಲೆ.
ಊರಿನವರಿಗೆ ತಿಳಿಯಬೇಕಾದದ್ದು ಊರಿನವರ ನುಡಿಯಲ್ಲಿರಬೇಕೆಂದು
ಒಂದೂವರೆ ಸಾವಿರ ವರ್ಷದ ಹಿಂದೆ ಯಾರೋ ತೀರ್ಮಾನಿಸಿದ್ದರಿಂದ,
ವ್ಯವಹಾರಕ್ಕೆ ಬೇಕಾಗಿದ್ದರಿಂದಲೇ ಕನ್ನಡವು ಕಲ್ಲನ್ನೇರಿತು.

ಅಲ್ಲಿಂದ ನಮ್ಮ ಚೆನ್ನಕೇಶವನ ಗುಡಿಗೆ ಬನ್ನಿ.
1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರನ್ನು
ಕತ್ತೆತ್ತಿ ನೋಡಿ ಬೆರಗಾದವರು ಜಗತ್ತಿನ ಎಲ್ಲ ದಿಕ್ಕಿನಲ್ಲೂ ಇದ್ದಾರೆ;
ಕತ್ತನ್ನು ಇನ್ನೊಂದಿಷ್ಟು ಓರೆ ಮಾಡಿ ಆ ಶಿಲ್ಪಗಳ ಪೀಠವನ್ನು ನೋಡಿದರೆ
ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ
ತಾವು ಕಂಡರಿಸಿದ ಕಲ್ಲಿನ ಕೆಳಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿಟ್ಟಿದ್ದಾರೆ.
ಉಳಿ ಹಿಡಿದ ಕೈ ದಣಿದಿರಬೇಕು, ಕಣ್ಣಿಗೆ ಕಲ್ಲಿನ ಪುಡಿ ಬಿದ್ದಿರಬೇಕು,
ಆದರೂ ರುಜು ಹಾಕುವಾಗ ಯಾವ ಲಿಪಿಯೆಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.
ಅವರ ಊರಿನವರಲ್ಲದಿದ್ದರೂ ಅವರ ಕೆಲಸ ನೋಡಿ ಬೆಳೆದ ನಾವು
ಪಾಸ್‌ಪುಸ್ತಕದ ಮೇಲೆ, ಮಕ್ಕಳ ಅಂಕಪಟ್ಟಿಯ ಮೇಲೆ, ಬಾಡಿಗೆ ಕರಾರಿನ ಮೇಲೆ
ಇಂಗ್ಲಿಷಿನಲ್ಲಿ ಗೀಚುತ್ತೇವಲ್ಲ, ಅದನ್ನು ಯಾರು ಕಡ್ಡಾಯ ಮಾಡಿದರು?

ಹೆಮ್ಮೆಪಡಲು ಇನ್ನೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.
ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡೆಂದು
ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಎಲ್ಲೆ ಗುರುತಿಸಿದ ನುಡಿ ಇದು;
ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ತ್ರಿಪದಿಯಲ್ಲಿ ನೆನೆದ ನುಡಿ ಇದು;
ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ,
ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮನೆಯ ಲಕ್ಕಮ್ಮ
ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ದೇವರನ್ನು ಪ್ರಶ್ನಿಸಿದ ನುಡಿ ಇದು.
1843ರಲ್ಲಿ ಮಂಗಳೂರಿನಿಂದ ಸಮಾಚಾರ ಪತ್ರಿಕೆಯಾಗಿ ಹೊರಟಿತು,
1894ರಲ್ಲಿ ಕಿಟ್ಟೆಲ್ಲರ ನಿಘಂಟಿನಲ್ಲಿ ಪದಪದವಾಗಿ ಕೂಡಿತು,
2008ರಲ್ಲಿ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ಪಡೆಯಿತು;
ಎಂಟು ಜ್ಞಾನಪೀಠಗಳ ಮಾತನ್ನು ನಮ್ಮ ಅಧ್ಯಕ್ಷರು ಆಗಲೇ ಹೇಳಿರುವುದರಿಂದ ನಾನು ಬಿಟ್ಟಿದ್ದೇನೆ.

ಬಿಡಲಾಗದ್ದು ಒಂದಿದೆ, ಅದು ಈ ದಿನದ ಕತೆ.
ಕನ್ನಡಿಗರು ಮೈಸೂರಿನಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ, ಮದರಾಸಿನಲ್ಲಿ,
ನಿಜಾಮರ ಹೈದರಾಬಾದಿನಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದ ಕಾಲದಲ್ಲಿ
ಕಲಬುರಗಿ, ರಾಯಚೂರಿನ ರೈತನು ಕಚೇರಿಯ ಉರ್ದುವಿಗೆ ಇನ್ನೊಬ್ಬರನ್ನು ಆಶ್ರಯಿಸಿದನು,
ಧಾರವಾಡ, ಬೆಳಗಾವಿಯ ಮಕ್ಕಳಿಗೆ ಶಾಲೆಯ ಮರಾಠಿ ಎದುರಾಯಿತು.
ಅದಕ್ಕಾಗಿಯೇ 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು,
ಅದಕ್ಕಾಗಿಯೇ ಆಲೂರು ವೆಂಕಟರಾಯರು ವಕೀಲಿ ಬಿಟ್ಟು ಊರೂರು ಅಲೆದರು,
ಅದಕ್ಕಾಗಿಯೇ 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತರು,
ಬಳ್ಳಾರಿಯಲ್ಲಿ ರಂಜಾನ್ ಸಾಬರು ಪ್ರಾಣವನ್ನೇ ತೆತ್ತರು.
1956ರ ನವೆಂಬರ್ 1ರಂದು ನಾಡು ಒಂದಾಯಿತು,
1973ರ ಇದೇ ದಿನ ಕರ್ನಾಟಕವೆಂಬ ಹೆಸರು ಪಡೆಯಿತು.
ಅವರು ಕೇಳಿದ್ದು ವರ್ಷಕ್ಕೊಂದು ದಿನದ ಮೆರವಣಿಗೆಯನ್ನಲ್ಲ;
ತಮ್ಮ ಅರ್ಜಿಯನ್ನು ತಾವೇ ಬರೆದು ತಾವೇ ಓದಿಕೊಳ್ಳುವ ಹಕ್ಕನ್ನು ಕೇಳಿದರು.

ಕೂಡಿದ ನಾಡಿಗೆ ಬಾವುಟ ಬಂತು,
ಹಾಡಿಗೆ ಮೈಕಿನ ಎತ್ತರ ಬಂತು,
ನೋಡಲು ಸೊಗಸು, ನಾಳೆಯ ಕೆಲಸಕೆ
ಕೂಡಿಯೇ ದುಡಿಯಲು ಕನ್ನಡ ಬಂತೆ?

ಈ ಪ್ರಶ್ನೆಯನ್ನು ನಾನು ಕೇಳಲು ಕಾರಣವಿದೆ.
ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಹೊಟ್ಟೆ ಹೊರೆಯುವವನು ನಾನು;
ಯಾವ ಬ್ಯಾಂಕೆಂದು ಹೇಳುವುದಿಲ್ಲ, ಹೇಳಿದರೂ ವಿಷಯ ಬೇರೆಯಾಗುವುದಿಲ್ಲ.
ಒಂದು ಸೋಮವಾರ, ಸಂತೆಯ ಚೀಲವನ್ನು ಕಾಲ ಬಳಿ ಇಳಿಸಿ,
ಪ್ಲಾಸ್ಟಿಕ್ ಕವರಿನೊಳಗಿಂದ ಪಾಸ್‌ಪುಸ್ತಕವನ್ನು ಜೋಪಾನವಾಗಿ ಹೊರತೆಗೆದು,
ಹಣ ತೆಗೆಯುವ ಚೀಟಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಿಸಿ ನೋಡಿ,
ಒಬ್ಬ ಅಜ್ಜಿ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗನಿಗೆ ಅದನ್ನು ನೀಡಿದರು.
‘ಅಜ್ಜಿ, ನಿಮಗೆ ಓದು ಬರಲ್ವಾ? ಹಾಗಾದರೆ ಹೆಬ್ಬೆಟ್ಟು ಒತ್ತಿ’ ಎಂದು ಅವನು ಇಂಕಿನ ಡಬ್ಬಿಯನ್ನು ತಳ್ಳಿದಾಗ
ಅಜ್ಜಿಯ ಕುತ್ತಿಗೆ ನೆಟ್ಟಗಾಯಿತು:
‘ಏಳನೇ ಕ್ಲಾಸು ಪಾಸಾಗಿದೀನಪ್ಪ, ದಿನಾ ಪೇಪರ್ ಓದ್ತೀನಿ.
ನನಗೆ ಓದು ಬರುತ್ತೆ. ಈ ಚೀಟಿಗೇ ಕನ್ನಡ ಬರಲ್ಲ.’

ಆ ದಿನ ನಮ್ಮ ಶಾಖೆಯಲ್ಲಿ ಕನ್ನಡದ ಚೀಟಿಗಳು ಮುಗಿದಿದ್ದವು,
ಇಂಗ್ಲಿಷ್ ಮತ್ತು ಹಿಂದಿಯ ಚೀಟಿಗಳು ಕಟ್ಟುಕಟ್ಟಾಗಿ ಉಳಿದಿದ್ದವು.
ಒಳಗಿನ ಬೀರುವಿನಿಂದ ಹಳೆಯ ಕಟ್ಟೊಂದನ್ನು ಹುಡುಕಿ ತಂದುಕೊಟ್ಟ ಮೇಲೆ
ಅಜ್ಜಿಯು ಕನ್ನಡಕವನ್ನು ಸರಿಪಡಿಸಿಕೊಂಡು, ಅಂಕಿಯನ್ನೂ ಅಕ್ಷರವನ್ನೂ ಬರೆದು,
ದುಂಡಗೆ, ಒತ್ತಕ್ಷರವೂ ತಪ್ಪದ ಹಾಗೆ ರುಜು ಹಾಕಿ ಹಣ ಪಡೆದರು.
ಓದು ಬಲ್ಲ ಒಬ್ಬರನ್ನು ಓದು ಬಾರದವರ ಸಾಲಿಗೆ ದೂಡಲು
ಒಂದು ಚೀಟಿಯ ಕೊರತೆ ಸಾಕೆಂದು ನಾನು ಅಲ್ಲಿ ಕಣ್ಣಾರೆ ಕಂಡೆನು.

ಚೀಟಿ ಏಕೆ ಮುಗಿಯಿತೆಂದು ಕೇಳುವವರು ಬೇಕು, ಬಂಧುಗಳೇ,
ಆದರೆ ಕೇಳುವವರ ಕೈಯಲ್ಲಿ ಕನ್ನಡದ ಚೀಟಿಯೇ ಇರಬೇಕು.
ನಾವು ತುಂಬದ ನಮೂನೆಯನ್ನು ಯಾರೂ ಮುದ್ರಿಸುವುದಿಲ್ಲ,
ನಾವು ಒತ್ತದ ಗುಂಡಿಯನ್ನು ಯಾವ ಯಂತ್ರವೂ ಬಹುಕಾಲ ಇಟ್ಟುಕೊಳ್ಳುವುದಿಲ್ಲ.
ಹಣದ ಯಂತ್ರವು ಭಾಷೆಯನ್ನು ಆರಿಸಿರೆಂದಾಗ ಕನ್ನಡವನ್ನು ಆರಿಸಿ,
ಗ್ರಾಹಕ ಸೇವೆಯ ಕರೆಯಲ್ಲಿ ಕನ್ನಡದ ಅಂಕಿ ಬರುವವರೆಗೆ ತಾಳ್ಮೆಯಿಂದ ಕಾಯಿರಿ,
ಗೃಹಪ್ರವೇಶದ ಕರೆಯೋಲೆಯನ್ನು, ಸಂಘದ ನಡಾವಳಿಯನ್ನು, ಅಂಗಡಿಯ ರಸೀದಿಯನ್ನು,
ಮಾತ್ರೆಯನ್ನು ಊಟಕ್ಕೆ ಮೊದಲೋ ನಂತರವೋ ನುಂಗಬೇಕೆಂಬ ಸೂಚನೆಯನ್ನು
ಓದುವವರು ಕನ್ನಡಿಗರೇ ಆಗಿರುವಾಗ ಕನ್ನಡದಲ್ಲಿಯೇ ಬರೆಯಿರಿ.
ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ಕಾನೂನು ಹೇಳುತ್ತದೆ,
ಒಳಗಿನ ಮಾತಿನಲ್ಲಿ ಎಷ್ಟಿರಬೇಕೆಂದು ಅಂಗಡಿಯವನೂ ಗಿರಾಕಿಯೂ ತೀರ್ಮಾನಿಸಬೇಕು.

ಇಂಗ್ಲಿಷನ್ನು ದೂಡಿರೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ.
ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ, ದುಡಿದು ಗೆಲ್ಲಲಿ;
ಬಸ್ಸು, ಬ್ಯಾಂಕು, ಮೈಕು ನಮ್ಮ ಬಾಯಲ್ಲಿ ಎಂದೋ ಕನ್ನಡವಾಗಿವೆ.
ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿಗಳು ಮನೆಯೊಳಗೆ ಬೆಳಗುತ್ತಿದ್ದರೆ
ಕನ್ನಡದ ಬೆಳಕೇನೂ ಅದರಿಂದ ಕುಂದುವುದಿಲ್ಲ.
ಕಾಫಿ ತೋಟಕ್ಕೆ ದೂರದ ರಾಜ್ಯದಿಂದ ದುಡಿಯಲು ಬಂದವರು
ಅರೆಬರೆ ಕನ್ನಡದಲ್ಲಿ ನೀರು ಕೇಳಿದಾಗ ನಕ್ಕು ಹಿಂದಿಗೆ ಜಾರಬೇಡಿ;
ನಿಧಾನವಾಗಿ ಕನ್ನಡದಲ್ಲಿಯೇ ಉತ್ತರಿಸಿ, ತಪ್ಪನ್ನು ಮೆಲ್ಲನೆ ತಿದ್ದಿ,
ಏಕೆಂದರೆ ಕಲಿಯಬಂದವರನ್ನು ಹಿಂದಿರುಗಿಸುವವರು ಬಹಳ ಸಲ ನಾವೇ ಆಗಿರುತ್ತೇವೆ.
ಮಂಡ್ಯದ ಕನ್ನಡ, ಕುಂದಾಪುರದ ಕನ್ನಡ, ಹುಬ್ಬಳ್ಳಿಯ ಕನ್ನಡ, ಬೀದರದ ಕನ್ನಡಗಳಲ್ಲಿ
ಯಾವುದು ಶುದ್ಧವೆಂಬ ಜಗಳವನ್ನು, ದಯವಿಟ್ಟು, ಇಂದಾದರೂ ಬಿಡೋಣ.

ಯುವಕರೇ, ನಿಮಗೆ ಪ್ರತ್ಯೇಕವಾಗಿ ಒಂದು ಮಾತು.
ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬೆರಳ ತುದಿಯಿಂದ ಓಡಿಸುವ ನಿಮ್ಮ ವೇಗ ನನಗಿಲ್ಲ,
ಆದರೆ ಆ ಓಟದಲ್ಲಿ ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು,
ಳಕಾರವೋ ಲಕಾರವೋ, ಹಾಲೋ ಹಾಳೋ ಎಂದು
ಓದುವವರು ಊಹಿಸುತ್ತಾ ಕೂರಬೇಕಾಗುತ್ತದೆ.
ನಿಮ್ಮ ಕಿಸೆಯ ಮೊಬೈಲಿಗೆ ಕನ್ನಡ ಅಕ್ಷರ ಬರುತ್ತದೆ, ಕಾಸು ಖರ್ಚಿಲ್ಲದೆ ಬರುತ್ತದೆ;
ಮೊದಲ ವಾರ ಒತ್ತಕ್ಷರಕ್ಕಾಗಿ ಬೆರಳು ತಡಕಾಡಬಹುದು,
ಆಮೇಲೆ ಅದು ಮಾತಿನ ವೇಗಕ್ಕೇ ಬಂದು ನಿಲ್ಲುತ್ತದೆ.

ಕಲ್ಲಿನ ಮೇಲೆ ನಿಂತಿತು ನುಡಿಯು,
ಸೊಲ್ಲಿನ ಜೊತೆಗೆ ನಡೆಯಲಿ ನುಡಿಯು,
ಎಲ್ಲರ ಮನೆಯಲಿ, ಪೇಟೆ, ಕಚೇರಿಯಲಿ
ನಿಲ್ಲದೆ ದಿನವೂ ದುಡಿಯಲಿ ನುಡಿಯು.

ಈ ಪದ್ಯವನ್ನು ಇಲ್ಲಿಗೆ ನಿಲ್ಲಿಸಿ, ಒಂದು ಕೆಲಸಕ್ಕೆ ನಿಮ್ಮನ್ನು ಕರೆಯುತ್ತೇನೆ.
ವೇದಿಕೆಯ ಬಲಬದಿಗೆ, ನೀರಿನ ಡ್ರಮ್ಮಿನ ಪಕ್ಕದಲ್ಲಿ, ನಮ್ಮ ಬಳಗದವರು ಮೇಜು ಹಾಕಿದ್ದಾರೆ;
ಪದವಿ ಕಾಲೇಜಿನ ಹುಡುಗ ಹುಡುಗಿಯರು ಅಲ್ಲಿ ಕುಳಿತು
ನಿಮ್ಮ ಮೊಬೈಲಿಗೆ ಕನ್ನಡದ ಕೀಲಿಮಣೆಯನ್ನು ಅಳವಡಿಸಿ, ಬಳಸುವ ಬಗೆಯನ್ನು ತೋರಿಸಿಕೊಡುತ್ತಾರೆ.
ಮಕ್ಕಳ ಕೋಲಾಟ ಮುಗಿದೊಡನೆ ಅತ್ತ ಹೋಗಿ,
ಸಾಲಿನಲ್ಲಿ ನಿಂತಿರುವಾಗಲೇ ಮೊದಲ ಸಂದೇಶವನ್ನು ಯಾರಿಗೆ ಕಳುಹಿಸಬೇಕೆಂದು ಯೋಚಿಸಿಟ್ಟುಕೊಳ್ಳಿ,
ಮೇಜಿನ ಮೇಲಿರುವ ಹಾಜರಿ ಪುಸ್ತಕದಲ್ಲಿ ಹೆಸರು ಬರೆದು
ಅದರ ಮುಂದೆ ಕನ್ನಡದಲ್ಲಿ ರುಜು ಹಾಕಿ ಬನ್ನಿ.