ವಂದನಾರ್ಪಣೆ: ಕಾಲೇಜು ವಾರ್ಷಿಕೋತ್ಸವ, ಶಿರಸಿ (ವೇದಿಕೆಯಲ್ಲಿ ಓದುವ ಪ್ರತಿ)

(ಮೈಕ್ ಎತ್ತರ ಸರಿ ಮಾಡಿಕೊಂಡು ಶುರು ಮಾಡುವುದು.)

ಎಲ್ಲರಿಗೂ ನಮಸ್ಕಾರ. ವಂದನಾರ್ಪಣೆ ಅಂದ ಕೂಡಲೇ ಹಿಂದಿನ ಸಾಲಿನವರು ಚಪ್ಪಲಿ ಹುಡುಕಲು ಶುರು ಮಾಡ್ತೀರಿ, ಗೊತ್ತು. ನಾಲ್ಕೇ ನಿಮಿಷ ಕೂತಿರಿ. ಇದು ಮುಗಿದರೇನೇ ಯಕ್ಷಗಾನ.

ಮೊದಲು ನಮ್ಮ ಮುಖ್ಯ ಅತಿಥಿಗಳು. ಇದೇ ಕಾಲೇಜಿನಲ್ಲಿ ಬಿ.ಎ. ಓದಿ ಈಗ ತಹಶೀಲ್ದಾರ್ ಆಗಿರುವ ಮೇಡಂ, ಕೆಲಸದ ಒತ್ತಡದ ನಡುವೆಯೂ ಹೊತ್ತಿಗೆ ಸರಿಯಾಗಿ ಬಂದಿರಿ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದನ್ನು ಮುಚ್ಚಿಡದೆ ಹೇಳಿದಿರಿ, ನಮಗೆ ಅದು ಜಾಸ್ತಿ ಹಿಡಿಸಿತು. ನಿಮಗೆ ಕಾಲೇಜಿನ ಪರವಾಗಿ ವಂದನೆಗಳು. (ಚಪ್ಪಾಳೆ ಮುಗಿಯುವವರೆಗೆ ನಿಲ್ಲುವುದು.)

ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರಿಗೆ, ಬಹುಮಾನ ವಿತರಿಸಿದ ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯರಿಗೆ ವಂದನೆಗಳು. ಸರ್, ನಿಮ್ಮ ವರದಿ ಸ್ವಲ್ಪ ಉದ್ದ ಆಯಿತು, ಆದರೆ ಲೈಬ್ರರಿ ಇನ್ನು ಸಂಜೆ ಆರರವರೆಗೆ ತೆರೆದಿರುತ್ತದೆ ಅಂತ ಅದರಲ್ಲೇ ಹೇಳಿದ್ದರಿಂದ ನಮ್ಮದೇನೂ ತಕರಾರಿಲ್ಲ.

ಈಗ ನಿಮ್ಮ ಕಣ್ಣಿಗೆ ಬೀಳದವರು. ಸಾಂಸ್ಕೃತಿಕ ಸಮಿತಿಯ ಸಂಚಾಲಕರು ತಿಂಗಳಿಡೀ ತಾಲೀಮು ನೋಡಿದ್ದಾರೆ, ಜಗಳಗಳನ್ನೂ ಬಿಡಿಸಿದ್ದಾರೆ. ಎನ್ನೆಸ್ಸೆಸ್ ಹುಡುಗರು ನಿನ್ನೆ ರಾತ್ರಿ ಮಳೆ ಬಂದು ಶಾಮಿಯಾನದಲ್ಲಿ ನೀರು ನಿಂತಾಗ ಕೋಲು ಹಿಡಿದು ನೀರು ಇಳಿಸಿ, ಬೆಳಿಗ್ಗೆ ಎದ್ದು ಕುರ್ಚಿ ಒರೆಸಿ, ಆಮೇಲೆ ಏನೂ ಆಗದವರ ಹಾಗೆ ಬಿಳಿ ಶರ್ಟ್ ಹಾಕಿಕೊಂಡು ಅತಿಥಿಗಳನ್ನು ಸ್ವಾಗತಿಸಿದರು. ಒಂದು ಜೋರು ಚಪ್ಪಾಳೆ ಇವರಿಗೆ! ರಂಗೋಲಿ ಹಾಕಿದ ಬಿ.ಕಾಂ. ಹುಡುಗಿಯರಿಗೆ, ಮೈಕ್ ಸೆಟ್‌ನ ಅಣ್ಣನಿಗೆ, ಕರೆಂಟ್ ಹೋದಾಗ ಜನರೇಟರ್ ಕಡೆ ಓಡಿದ ನಮ್ಮ ಅಟೆಂಡರ್ ಅಣ್ಣನಿಗೆ, ಅಡುಗೆ ಭಟ್ಟರಿಗೆ ಮತ್ತು ಅವರ ಕೇಸರಿಬಾತಿಗೆ ಕೂಡ ಥ್ಯಾಂಕ್ಸ್.

ಪ್ರಾಯೋಜಕರ ಹೆಸರೆಲ್ಲ ಫ್ಲೆಕ್ಸ್‌ನಲ್ಲಿದೆ, ಸುಮ್ನೆ ಮತ್ತೆ ಓದುವುದಿಲ್ಲ. ಬಹುಮಾನದ ಪುಸ್ತಕಗಳನ್ನು ಕೊಟ್ಟ ಅಡಿಕೆ ವರ್ತಕರು, ಊಟದ ಅರ್ಧ ಖರ್ಚು ಹೊತ್ತ ಹಳೆ ವಿದ್ಯಾರ್ಥಿಗಳ ಬಳಗ, ಸ್ಮರಣ ಸಂಚಿಕೆಯನ್ನು ಅಸಲು ಬೆಲೆಗೇ ಮಾಡಿಕೊಟ್ಟ ಪ್ರೆಸ್ಸಿನವರು, ನೀವೆಲ್ಲ ನಮ್ಮ ರಸೀದಿ ಪುಸ್ತಕ ನೋಡಿ ಓಡಿಹೋಗಲಿಲ್ಲ. ಅದಕ್ಕೇ ದೊಡ್ಡ ನಮಸ್ಕಾರ.

ಪಾಲಕರೇ, ತೋಟದ ಕೆಲಸ ಬಿಟ್ಟು ಸಿದ್ದಾಪುರ, ಮುಂಡಗೋಡದಿಂದಲೂ ಬಂದಿದ್ದೀರಿ. ಮಕ್ಕಳು ವೇದಿಕೆ ಮೇಲೆ ಏನು ಮಾಡ್ತಾರೆ ಅಂತ ನೋಡಿಯೇ ಹೋಗಿ. ವರದಿ ಮಾಡಲು ಬಂದ ಪತ್ರಕರ್ತರಿಗೂ ವಂದನೆಗಳು.

ಯಾರ ಹೆಸರಾದರೂ ಬಿಟ್ಟಿದ್ದರೆ ಊಟದ ಪಂಕ್ತಿಯಲ್ಲಿ ನನ್ನನ್ನು ಹಿಡಿದು ಬೈಯಿರಿ.

ವೇದಿಕೆ ಖಾಲಿ ಮಾಡಲು ಐದು ನಿಮಿಷ ಕೊಡಿ. ಬನವಾಸಿ ಬಸ್ಸಿಗೆ ಹೋಗುವವರಿಗೆ ಮೊದಲ ಪಂಕ್ತಿ ಹಾಕಿದ್ದೇವೆ, ಬಲಗಡೆ ಬಾಗಿಲಿನಿಂದ ಹೋಗಿ.